ಬಲದಿಂದ ಎಡಕ್ಕೆ ಹರಿದ ಅಂಕಿಗಳು

ಟಿಪ್ಪು ಸುಲ್ತಾನನ ನಾಣ್ಯಗಳಲ್ಲಿ ಒಂದರ ಮೇಲಿನ ಅಂಕಿಗಳನ್ನು ನಮ್ಮ ರೂಢಿಯಂತೆ ಎಡದಿಂದ ಓದಿದರೆ 5121 ಎಂದು ಬರುತ್ತದೆ! ಟಿಪ್ಪುವಿನ ಕಾಲಕ್ಕೆ ಕೂಡದ ಲೆಕ್ಕ. ಬಲದಿಂದ ಓದಿ ನೋಡಿ: 1215. ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆ ಅದು. 572 ಕೂಡಿಸಿದರೆ ಹೆಚ್ಚುಕಡಿಮೆ 1787. ಧರ್ಮಪುರಿ ಸೀಮೆ, ಅಂದರೆ ಆಗಿನ ಬಾರಾಮಹಲ್, 1792ರಲ್ಲಿ ಕಂಪನಿಯ ಕೈಸೇರುವವರೆಗೂ ಟಿಪ್ಪುವಿನದೇ. ಆ ವರ್ಷ ಮೌಲೂದಿ 1220 ಶುರುವಾಯಿತು. ಬಲದಿಂದ ಬರೆದರೆ ಅದರ ಸೊನ್ನೆ ಎಡತುದಿಗೆ ಬರುತ್ತದೆ. ನಾಣ್ಯದ ಅರಬ್ಬಿ ಅಂಕಿಗಳಲ್ಲಿ ಸೊನ್ನೆಯೆಂದರೆ ಬರಿಯ ಚುಕ್ಕೆ. ಅದು ಸವೆದರೆ ಉಳಿಯುವುದು 221! ಮರುವರ್ಷದ 1221 ಮಾತ್ರ ಯಾವ ಕಡೆಯಿಂದ ಓದಿದರೂ 1221.

ಅಕ್ಷರ ಬಲದಿಂದ ಎಡಕ್ಕೆ ಓಡುವ ಅರಬ್ಬಿಯಲ್ಲಿ ಅಂಕಿಗಳೂ ಹಾಗೆಯೇ ಓಡುತ್ತವೆ ಎಂದುಕೊಳ್ಳುವುದು ಸಹಜ. ಆದರೆ ಅಲ್ಲಿನ ರೂಢಿಯಲ್ಲೂ ಸಾವಿರದ ಅಂಕಿ ಎಡದಲ್ಲೇ, ಬಿಡಿ ಅಂಕಿ ಬಲದಲ್ಲೇ. ಟಿಪ್ಪು ಅದನ್ನು ತಿರುಗಿಸಿದ. ಇಲ್ಲೇ ಬೆರಗು: ಹಳೆಯ ಅರಬ್ಬಿಯಲ್ಲಿ ಸಂಖ್ಯೆಯನ್ನು ಬಾಯಲ್ಲಿ ಹೇಳುವಾಗ ಚಿಕ್ಕದೇ ಮೊದಲು, 'ಹದಿನೈದು, ಇನ್ನೂರು, ಸಾವಿರ' ಎಂದು. ಅರಬ್ಬಿ ರೂಢಿಯ ಬರಹವನ್ನು ಬಲದಿಂದ ಓದುವ ಕಣ್ಣಿಗೂ ಬಿಡಿ ಅಂಕಿಯೇ ಮೊದಲು ಸಿಗುತ್ತದೆ. ಬಾಯಿಗೂ ಕಣ್ಣಿಗೂ ಎಂಥ ಹೊಂದಿಕೆ!

ಇಂದು ಕೊಲ್ಲಿ ನಾಡಿನಲ್ಲಿ 1,215 ದಿರ್ಹಮಿಗೆ ಚೆಕ್ ಬರೆಯುವವರು ಸಾವಿರದಿಂದಲೇ ಶುರುಮಾಡುತ್ತಾರೆ: ಅಲ್ಫ್ ವ ಮಿಅತಾನ್ ವ ಖಂಸತ ಅಶರ ದಿರ್ಹಮನ್. ಹಳೆಯ ಕ್ರಮ ಕೊನೆಯ ತುಂಡಿನಲ್ಲಿ ಇನ್ನೂ ಜೀವಂತ: 'ಖಂಸತ ಅಶರ' ಎಂದರೆ ಐದು, ಹತ್ತು. ನಾಣ್ಯದ ಹೆಸರಿನ ರೂಪ ನಿರ್ಧರಿಸುವುದೂ ಆ ತುಂಡೇ. 1,205 ಆಗಿದ್ದರೆ ಕೊನೆಯಲ್ಲಿ ಐದು. ಮೂರರಿಂದ ಹತ್ತರವರೆಗೆ ಬಹುವಚನ, ಆದ್ದರಿಂದ 'ದರಾಹಿಮ್'. ಹದಿನೈದಕ್ಕೆ ಏರಿದೊಡನೆ ಏಕವಚನ 'ದಿರ್ಹಮನ್'! ಮೊತ್ತ ಹೆಚ್ಚಿತು, ಹೆಸರು ಒಂಟಿಯಾಯಿತು.

ಅಂಕಿಗಳಿಗೂ ಎರಡು ವೇಷ. ಮೊರಾಕೊ, ಟ್ಯುನೀಷಿಯಾಗಳಲ್ಲಿ ನಾವು ಬರೆಯುವ 1, 2, 3 ನಡೆಯುತ್ತವೆ. ಈಜಿಪ್ಟಿನಲ್ಲಿ, ಸೌದಿಯಲ್ಲಿ ಇನ್ನೊಂದು ಬಳಗವೂ ಉಂಟು. ಅಮೀರತ್ತಿನ ನೋಟಿನಲ್ಲಿ ಒಂದು ಮುಖಕ್ಕೆ ಒಂದು, ಮತ್ತೊಂದಕ್ಕೆ ಮತ್ತೊಂದು. ಆ ಬಳಗದಲ್ಲಿ ಐದು ನಮ್ಮ ಸೊನ್ನೆಯಂತೆ ದುಂಡಗೆ. ಆರು ನೋಡಲು ನಮ್ಮ 7. ಬೆಲೆಚೀಟಿಯಲ್ಲಿ 65 ಎಂದಿದ್ದರೆ ಹೊಸಬರಿಗೆ ಕಾಣುವುದು 70! ಏಳು ತೆರೆದ ಬೊಗಸೆಯಂತೆ, ಎಂಟು ಅದನ್ನೇ ಕವುಚಿದಂತೆ.

ಸೊನ್ನೆ ಚುಕ್ಕೆಯಾದಲ್ಲಿ ಐದನ್ನು ಐವತ್ತು ಮಾಡಲು ಪೆನ್ನಿನ ಒಂದು ತಾಗು ಸಾಕು. ಮೊತ್ತವನ್ನು ಅಕ್ಷರದಲ್ಲಿ ಬರೆಯುವುದು ಅದಕ್ಕೇ, ಮತ್ತು ಅಕ್ಷರಕ್ಕೂ ಎರಡು ಕಾವಲು: ಮುಂದೆ 'ಫಕತ್', ಅಂದರೆ ಇಷ್ಟು ಮಾತ್ರ; ಕೊನೆಗೆ 'ಲಾ ಗೈರ್', ಇದಲ್ಲದೆ ಬೇರಿಲ್ಲ.