ಪುಳ ಎಂದರೆ ಹೊಳೆ

ಕೇರಳದ ಆಲಪ್ಪುಳ, ತೊಡುಪುಳ, ಮೂವಾಟ್ಟುಪುಳ ಎಂಬ ಊರುಗಳ ಹೆಸರಿನ ಕೊನೆಯಲ್ಲಿ ಬರುವ ‘ಪುಳ’ ಕನ್ನಡಿಗರಿಗೆ ಅಪರಿಚಿತವಾಗಿ ಕೇಳಿಸುತ್ತದೆ. ಅದು ನಮ್ಮ ‘ಹೊಳೆ’ಯೇ. ಮಲಯಾಳದ ಪುಳ, ಕನ್ನಡದ ಹೊಳೆ ಎರಡೂ ಒಂದೇ ದ್ರಾವಿಡ ಬೇರಿನಿಂದ ಚಿಗುರಿದ ಮಾತುಗಳು. ಒಂದರಿಂದ ಇನ್ನೊಂದು ಹುಟ್ಟಿದ್ದಲ್ಲ. ಎರಡೂ ಬೇರೆ ಬೇರೆ ದಾರಿಯಲ್ಲಿ ಬದಲಾಗುತ್ತ ಬಂದಿವೆ. ಈ ಪುಟ್ಟ ಪದದಲ್ಲಿ ಪ ಇದ್ದಲ್ಲಿ ಹ, ಉ ಇದ್ದಲ್ಲಿ ಒ, ಕೊನೆಯ ಅ ಇದ್ದಲ್ಲಿ ಎ ಬಂದಿದೆ, ನಡುವಿನ ಅಕ್ಷರವೂ ಬೇರೆಯಾಗಿದೆ. ಈ ನಾಲ್ಕೂ ವ್ಯತ್ಯಾಸಗಳು ನೂರಾರು ಪದಗಳಲ್ಲಿ ಹೀಗೆಯೇ ಮರುಕಳಿಸುತ್ತವೆ. ಆದ್ದರಿಂದಲೇ ಇವನ್ನು ಅರಿತವರು ಗೊತ್ತಿಲ್ಲದ ಪದದ ಅರ್ಥವನ್ನು ಊಹಿಸಬಹುದು.

ಮೊದಲನೆಯದು ಪಕಾರ. ಹಳಗನ್ನಡದಲ್ಲಿ ಪದದ ಮೊದಲಲ್ಲಿದ್ದ ಪ ಮುಂದೆ ಹ ಆಯಿತು. ಹತ್ತನೆಯ ಶತಮಾನದ ಪಂಪನ ಕಾವ್ಯಭಾಷೆಯಲ್ಲಿ ಹುಲಿ ಇನ್ನೂ ‘ಪುಲಿ’, ಹಾಲು ಇನ್ನೂ ‘ಪಾಲ್’. ತಮಿಳು, ತೆಲುಗು, ಮಲಯಾಳಗಳಲ್ಲಿ ಆ ಪ ಹಾಗೆಯೇ ಉಳಿದಿದೆ. ತಮಿಳಿನ ಪಗಲ್ ನಮ್ಮ ಹಗಲು, ಪಸಿ ನಮ್ಮ ಹಸಿವು, ಪಾಟ್ಟು ನಮ್ಮ ಹಾಡು. ತೆಲುಗಿನ ಪಂದಿ ನಮ್ಮ ಹಂದಿ. ಈ ಬದಲಾವಣೆಗೆ ಸಾಕ್ಷಿ ಹುಡುಕಲು ಕನ್ನಡದಿಂದ ಹೊರಗೆ ಹೋಗಬೇಕಾಗಿಯೂ ಇಲ್ಲ. ಹತ್ತು ಎನ್ನುವವರೇ ಇಪ್ಪತ್ತು, ಎಪ್ಪತ್ತು ಎನ್ನುತ್ತಾರೆ: ಪದದ ಮೊದಲಲ್ಲಿ ಪ ಹೋಯಿತು, ಸಮಾಸದ ಒಳಗೆ ಸೇರಿಕೊಂಡಿದ್ದ ಪ ಉಳಿಯಿತು. ಕಣ್ಣಿನ ‘ಪನಿ’ ಕಂಬನಿಯಾಯಿತು, ಬಿಡಿಯಾಗಿದ್ದ ಪನಿ ಮಾತ್ರ ಹನಿಯಾಯಿತು.

ಈ ಸೂತ್ರ ಎಲ್ಲಿ ಕೈಕೊಡುತ್ತದೆ ಎಂಬುದೂ ತಿಳಿದಿರಬೇಕು. ಇದು ದೇಸಿ ಪದಗಳಿಗೆ ಮಾತ್ರ ಅನ್ವಯಿಸುತ್ತದೆ. ಪುಣ್ಯ, ಪುಸ್ತಕ, ಪಾಪ ಮೊದಲಾದ ಸಂಸ್ಕೃತದ ಪದಗಳು ಸಾಮಾನ್ಯವಾಗಿ ನಾಲ್ಕು ಭಾಷೆಗಳಲ್ಲೂ ಪಕಾರದಿಂದಲೇ ಆರಂಭವಾಗುತ್ತವೆ; ಹಿತ, ಹಂಸ, ಹೃದಯಗಳಲ್ಲಿರುವ ಹಕಾರಕ್ಕೂ ಹಳೆಯ ಪಕಾರಕ್ಕೂ ಸಂಬಂಧವಿಲ್ಲ. ಅಪರೂಪಕ್ಕೆ ಒಂದೇ ಪದದ ಎರಡು ರೂಪಗಳೂ ಉಳಿದುಕೊಂಡು ಅರ್ಥವನ್ನು ಹಂಚಿಕೊಂಡಿವೆ. ಸಿಕ್ಕಿದ್ದನ್ನು ‘ಪಡೆಯುವುದು’, ಮಗುವನ್ನು ‘ಹಡೆಯುವುದು’ ಎರಡೂ ಮೂಲದಲ್ಲಿ ಒಂದೇ ಕ್ರಿಯಾಪದ.

ಪುಳದ ನಡುವಿನ ಅಕ್ಷರವನ್ನು ಇಂಗ್ಲಿಷ್ ಫಲಕಗಳಲ್ಲಿ ಜಡ್ ಮತ್ತು ಎಚ್ ಸೇರಿಸಿ ಬರೆಯುವುದರಿಂದ ಹೊರಗಿನವರು ಅದನ್ನು ‘ಝ’ ಎಂದು ಓದುತ್ತಾರೆ. ನಿಜವಾಗಿ ಅದು ಹಳಗನ್ನಡದಲ್ಲೂ ಇದ್ದ ‘ೞ’. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಇದನ್ನು ರಳ ಎಂದು ಕರೆದು, ಸಾಮಾನ್ಯ ಳಕಾರದಿಂದ ಬೇರೆಯಾಗಿ ಗುರುತಿಸಿದ್ದಾನೆ. ಮುಂದೆ ಕನ್ನಡದಲ್ಲಿ ಇದು ಹೆಚ್ಚಾಗಿ ಳ ಆಯಿತು, ತೆಲುಗಿನಲ್ಲಿ ಹಲವು ಕಡೆ ಡ ಆಯಿತು. ತಮಿಳು ಮತ್ತು ಮಲಯಾಳದ ‘ಕೋೞಿ’ ಕನ್ನಡದಲ್ಲಿ ಕೋಳಿ, ತೆಲುಗಿನಲ್ಲಿ ಕೋಡಿ. ‘ಏೞು’ ಕನ್ನಡದಲ್ಲಿ ಏಳು, ತೆಲುಗಿನಲ್ಲಿ ಏಡು. ಇಂಗ್ಲಿಷ್ ಫಲಕದಲ್ಲಿ ಆ ಜೋಡಿ ಅಕ್ಷರ ಕಂಡಾಗ ಅಲ್ಲಿ ಳ ಇಟ್ಟು ಓದಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನು ಸ್ವರಗಳು. ಮುಂದಿನ ಅಕ್ಷರದಲ್ಲಿ ಅಕಾರವೋ ಐಕಾರವೋ ಇದ್ದಾಗ ತಮಿಳು, ಮಲಯಾಳಗಳ ಬರಹದಲ್ಲಿ ಇ ಮತ್ತು ಉ ಇರುವ ಕಡೆ ಕನ್ನಡದಲ್ಲಿ ಎ ಮತ್ತು ಒ ಇರುತ್ತವೆ. ಪದದ ಕೊನೆಯಲ್ಲಿ ತಮಿಳಿನ ಐ, ಮಲಯಾಳದ ಅ ಇರುವಲ್ಲಿ ಕನ್ನಡದ್ದು ಎ. ತಮಿಳಿನ ಇಲೈ, ಮಲಯಾಳದ ಇಲ ನಮ್ಮ ಎಲೆ. ಪುಗೈ, ಪುಗ ನಮ್ಮ ಹೊಗೆ. ವಿಶೇಷವೆಂದರೆ ತಮಿಳರು ಬರೆಯುವಾಗ ಇಲೈ ಎಂದು ಬರೆದರೂ ಮನೆಮಾತಿನಲ್ಲಿ ಎಲೆ ಎಂದೇ ಹೇಳುತ್ತಾರೆ. ಆದ್ದರಿಂದ ತಮಿಳನ್ನು ಓದಿ ಊಹಿಸುವುದಕ್ಕಿಂತ ಕೇಳಿ ಊಹಿಸುವುದು ಕನ್ನಡಿಗರಿಗೆ ಎಷ್ಟೋ ವೇಳೆ ಸುಲಭ.

ಇದೇ ದಾರಿಯಲ್ಲಿ ‘ಮಲಪ್ಪುರಂ’ ಎಂಬ ಹೆಸರನ್ನು ಬಿಡಿಸಿ ನೋಡಬಹುದು. ಮಲ ನಮ್ಮ ಮಲೆ, ಅಂದರೆ ಬೆಟ್ಟ. ಉಳಿದ ‘ಪುರಂ’ ಕಂಡೊಡನೆ ಪಟ್ಟಣ ಎಂಬ ಅರ್ಥದ ಸಂಸ್ಕೃತದ ‘ಪುರ’ ನೆನಪಾಗುತ್ತದೆ. ಆದರೆ ಮಲಯಾಳ ಲಿಪಿಯಲ್ಲಿ ಇಲ್ಲಿರುವುದು ಗಡುಸಾದ ‘ಱ’. ತಿರುವನಂತಪುರದಲ್ಲಿರುವುದು ಸಾಮಾನ್ಯ ‘ರ’. ಱಕಾರದ ‘ಪುಱಂ’ ದ್ರಾವಿಡ ಪದ. ಪ ಇದ್ದಲ್ಲಿ ಹ, ಉ ಇದ್ದಲ್ಲಿ ಒ ಇಟ್ಟರೆ ಅದು ನಮ್ಮ ‘ಹೊರ’. ಮಲಪ್ಪುರಂ ಬೆಟ್ಟದ ಪಟ್ಟಣವಲ್ಲ, ಬೆಟ್ಟದ ಹೊರಮೈ. ಕನ್ನಡ ಲಿಪಿಗೆ ತಂದಾಗ ಎರಡೂ ಒಂದೇ ‘ರ’ ಆಗುವುದರಿಂದ ಇಲ್ಲಿ ಎಡವುವುದು ಸಹಜ.

ಹೊಳೆಯಲ್ಲಿ ಸಿಗದ ಇನ್ನೆರಡು ಬದಲಾವಣೆಗಳೂ ಬಹಳ ಉಪಯೋಗಕ್ಕೆ ಬರುತ್ತವೆ. ಒಂದು, ಉಳಿದ ಮೂರು ಭಾಷೆಗಳ ಮೊದಲ ವ ಕನ್ನಡದಲ್ಲಿ ಬ: ವಾಯ್ ಬಾಯಿ, ವೇರ್ ಬೇರು, ವಿರಲ್ ಬೆರಳು. ಇದು ಪ-ಹ ಬದಲಾವಣೆಗಿಂತ ಹಳೆಯದು. ಪಂಪನ ಹೊತ್ತಿಗಾಗಲೇ ಬ ನೆಲೆಯೂರಿತ್ತು. ಇನ್ನೊಂದರಲ್ಲಿ ಹಳೆಯದನ್ನು ಉಳಿಸಿಕೊಂಡಿರುವುದು ಕನ್ನಡವೇ. ಇ, ಎ ಸ್ವರಗಳ ಹಿಂದಿದ್ದ ಕಕಾರ ಉಳಿದ ಮೂರರಲ್ಲೂ ಚಕಾರವಾಯಿತು. ತಮಿಳರು ಅದನ್ನು ಈಗ ಬಹುಪಾಲು ಸಕಾರದಂತೆ ಉಚ್ಚರಿಸುತ್ತಾರೆ. ನಮ್ಮ ಕಿವಿ ತೆಲುಗಿನಲ್ಲಿ ಚೆವಿ, ತಮಿಳಿನಲ್ಲಿ ಸೆವಿ. ನಮ್ಮ ಕೆರೆ ತೆಲುಗಿನಲ್ಲಿ ಚೆರುವು. ಪುದುಚ್ಚೇರಿಯಲ್ಲಿರುವ ‘ಚೇರಿ’ ನಮ್ಮ ಕೇರಿ, ‘ಪುದು’ ನಮ್ಮ ಹೊಸ. ಊರಿನ ಹೆಸರು ಕನ್ನಡದಲ್ಲಿ ಹೊಸಕೇರಿ ಎಂದಾಗುತ್ತದೆ. ಆದರೆ ಕಕಾರದ ಆಚೆಗೆ ಟವರ್ಗದ ಅಕ್ಷರವೋ ಳಕಾರವೋ ಇದ್ದರೆ ತಮಿಳಿನಲ್ಲಿ ಈ ಬದಲಾವಣೆ ಆಗಲಿಲ್ಲ. ಹಾಗಾಗಿ ನಮ್ಮ ಕೇಳು ತಮಿಳಿನಲ್ಲೂ ‘ಕೇಳ್’, ಕೆಡು ತಮಿಳಿನಲ್ಲೂ ‘ಕೆಡು’. ತೆಲುಗು ಅಲ್ಲಿಯೂ ಬದಲಾಯಿಸಿತು: ಅಲ್ಲಿ ಕೆಡುವುದು ‘ಚೆಡು’, ಗಿಳಿ ‘ಚಿಲುಕ’.

ಎಲ್ಲ ಪದಗಳಿಗೂ ಜೋಡಿ ಇರುವುದಿಲ್ಲ. ಹೊಸದಕ್ಕೆ ತೆಲುಗಿನವರು ‘ಕೊತ್ತ’ ಎನ್ನುತ್ತಾರೆ. ಅಲ್ಲಿ ಯಾವ ಸೂತ್ರವೂ ನೆರವಾಗದು. ಮೈಯ ಅಂಗಗಳು, ಎಣಿಕೆ, ಪ್ರಾಣಿ, ಗಿಡಮರ, ನೀರು ನೆಲ, ದಿನಬಳಕೆಯ ಕೆಲಸಗಳ ಹೆಸರುಗಳಲ್ಲಿ ಊಹೆ ಹೆಚ್ಚು ಫಲಿಸುತ್ತದೆ. ಊಹೆ ಸರಿಯೇ ಎಂದು ಖಚಿತಪಡಿಸಿಕೊಳ್ಳಲು ಬರೋ ಮತ್ತು ಎಮೆನೋ ಸಿದ್ಧಪಡಿಸಿದ ದ್ರಾವಿಡ ನಿಷ್ಪತ್ತಿಕೋಶವಿದೆ. 1961ರಲ್ಲಿ ಮೊದಲು ಬಂದು, 1984ರಲ್ಲಿ ಪರಿಷ್ಕೃತವಾದ ಆ ಕೋಶದಲ್ಲಿ ಸೋದರ ಪದಗಳನ್ನೆಲ್ಲ ಒಂದೊಂದು ಗುಂಪಾಗಿ ಕೊಡಲಾಗಿದೆ.

ಬೇರು ಸರಿಯಾಗಿ ಸಿಕ್ಕಿದ ಮೇಲೂ ಅರ್ಥ ಪಕ್ಕಕ್ಕೆ ಸರಿದಿರಬಹುದು. ತೆಲುಗಿನ ‘ವಾನ’ಕ್ಕೆ ಬ ಇಟ್ಟರೆ ಬಾನು ಸಿಗುತ್ತದೆ, ಆದರೆ ತೆಲುಗಿನವರಿಗೆ ವಾನ ಎಂದರೆ ಮಳೆ. ‘ಪಳ್ಳಿ’ಯ ಕಥೆ ಇನ್ನೂ ಸ್ವಾರಸ್ಯದ್ದು. ಪ ಇದ್ದಲ್ಲಿ ಹ ಇಟ್ಟರೆ ಹಳ್ಳಿ. ತೆಲುಗಿನಲ್ಲೂ ‘ಪಲ್ಲೆ’ ಎಂದರೆ ಹಳ್ಳಿಯೇ. ತಮಿಳಿನ ತಿರುಚ್ಚಿರಾಪ್ಪಳ್ಳಿಯಂಥ ಊರ ಹೆಸರುಗಳಲ್ಲಿ ಈ ಪದವಿದೆ, ಆದರೆ ಇಂದಿನ ಬಳಕೆಯ ತಮಿಳಿನಲ್ಲಿ ಪಳ್ಳಿ ಎಂದರೆ ಶಾಲೆ. ಕೇರಳದಲ್ಲಿ ದಾರಿ ಕೇಳಿದಾಗ ಯಾರಾದರೂ ‘ಪಳ್ಳಿ’ಯ ಗುರುತು ಹೇಳಿದರೆ ಹಳ್ಳಿಯನ್ನು ಹುಡುಕಬಾರದು, ಅಲ್ಲಿ ಆ ಪದಕ್ಕೆ ಚರ್ಚು ಅಥವಾ ಮಸೀದಿ ಎಂಬ ಅರ್ಥ.