ಅರ್ಧ ರೊಟ್ಟಿಗೆ ಇನ್ನಷ್ಟು ಬಡಿಸಿದರೆ

ಹೋಂವರ್ಕಿಗೆ ನೆರವಾಗುವ ಚಾಟ್‌ಬಾಟ್ ಪರಿಚಯಿಸಲು ಕರೆದ ಸಭೆ ಅದು. ಪ್ರೊಜೆಕ್ಟರ್ ಹಾಕುವ ಮೊದಲು ಪ್ರಿನ್ಸಿಪಾಲರು ಚಾಕ್‌ಪೀಸ್ ಹಿಡಿದು ಬೋರ್ಡಿನ ಮೇಲೆ 1/2 + 1/3 ಎಂದು ಬರೆದರು. ಪಕ್ಕದಲ್ಲೇ ಮಕ್ಕಳು ಮೇಲಿಂದ ಮೇಲೆ ಬರೆಯುವ ಉತ್ತರ: 2/5.

"ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿಬಿಟ್ಟಿದ್ದಾರೆ. ತಟ್ಟೆಯಲ್ಲಿ ಅರ್ಧ ರೊಟ್ಟಿ ಇದೆ. ಇನ್ನಷ್ಟು ಬಡಿಸಿದ ಮೇಲೆ ಅದು ಅರ್ಧಕ್ಕಿಂತ ಕಡಿಮೆ ಆಗುತ್ತದೆಯೇ? 2/5 ಅರ್ಧಕ್ಕಿಂತ ಕಡಿಮೆ."

ಸಾಮಾನ್ಯ ಚಾಟ್‌ಬಾಟಿಗೆ ಈ ಲೆಕ್ಕ ಕೊಟ್ಟರೆ 5/6 ಎಂಬ ಉತ್ತರ ವಿಧಾನದ ಸಮೇತ ಬಂದುಬಿಡುತ್ತದೆ. ಮಗು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಆಟಕ್ಕೆ ಓಡುತ್ತದೆ. ಶಾಲೆ ತಂದಿರುವುದು ಸುಳಿವು ಮಾತ್ರ ಕೊಡುವಂಥದ್ದು. ಉತ್ತರ ಅರ್ಧಕ್ಕಿಂತ ಹೆಚ್ಚಿರಬೇಕೋ ಕಡಿಮೆಯೋ ಎಂದು ಮೊದಲು ಕೇಳುತ್ತದೆ. ಆಮೇಲೆ ರೊಟ್ಟಿಯನ್ನು ಆರು ಸಮಪಾಲು ಮಾಡಿದರೆ ಅರ್ಧಕ್ಕೆ ಎಷ್ಟು ಪಾಲು, ಮೂರನೇ ಒಂದಕ್ಕೆ ಎಷ್ಟು ಎಂದು ಕೇಳುತ್ತದೆ. ಮೂರು, ಎರಡು ಎಂದು ಮಗುವೇ ಬರೆದು ಐದು ಪಾಲಿಗೆ ಬರಬೇಕು.

ಈ ವ್ಯತ್ಯಾಸ ಸಣ್ಣದಲ್ಲ. ಟರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ಮಕ್ಕಳ ಮೇಲೆ ಗಣಿತದಲ್ಲೇ ಇದನ್ನು ಪರೀಕ್ಷಿಸಿದ್ದರು. ಉತ್ತರ ಕೊಡುವ ಚಾಟ್‌ಬಾಟ್ ಬಳಸಿದವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48ರಷ್ಟು ಮುಂದಿದ್ದರು. ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಅದನ್ನು ಮುಟ್ಟಿಯೇ ಇಲ್ಲದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಸುಳಿವು ಕೊಡುವುದನ್ನು ಬಳಸಿದವರು ಹಾಗೆ ಹಿಂದೆ ಬೀಳಲಿಲ್ಲ. ಆದರೆ ಪರೀಕ್ಷೆಯಲ್ಲಿ ಉಳಿದವರಿಗಿಂತ ಮುಂದೆಯೂ ಹೋಗಲಿಲ್ಲ. ಇದನ್ನೂ ಮುಚ್ಚಿಡದೆ ಹೇಳಿದ್ದಕ್ಕೆ ಆ ಭಾಷಣ ನನಗೆ ಹಿಡಿಸಿತು.

ಅಲ್ಲಿನ ಸುಳಿವುಗಳ ಹಿಂದೆ ಮೇಷ್ಟ್ರುಗಳ ಕೆಲಸವಿತ್ತು. ಪ್ರತಿ ಲೆಕ್ಕದ ಸರಿಯುತ್ತರ, ಮಕ್ಕಳು ಎಲ್ಲಿ ಎಡವುತ್ತಾರೆ, ಆಗ ಏನು ಹೇಳಬೇಕು ಎಂಬುದನ್ನು ಮೊದಲೇ ಅದಕ್ಕೆ ಒದಗಿಸಿದ್ದರು. "2/5 ಎಲ್ಲಿಂದ ಬರುತ್ತದೆ ಅಂತ ನಿಮಗಿಂತ ಚೆನ್ನಾಗಿ ಗೊತ್ತಿರುವವರು ಯಾರೂ ಇಲ್ಲ. ಅದನ್ನು ಬರೆದುಕೊಡಿ," ಎಂದು ಪ್ರಿನ್ಸಿಪಾಲರು ಶಿಕ್ಷಕರತ್ತ ತಿರುಗಿ ಕೇಳಿಕೊಂಡರು.

ಒಂದು ಎಚ್ಚರಿಕೆಯನ್ನೂ ಕೊಟ್ಟರು. ಮಗು ಹಟ ಹಿಡಿದು 2/5 ಸರಿ ಎಂದು ಎರಡು ಮೂರು ಸಲ ಒತ್ತಿ ಬರೆದರೆ ಚಾಟ್‌ಬಾಟ್ ಕೆಲವೊಮ್ಮೆ ಹೌದೆಂದು ಒಪ್ಪಿಕೊಂಡುಬಿಡುತ್ತದೆ. ಆಗ ತಪ್ಪು ಹಿಡಿಯಲು ಉಳಿಯುವುದು ಆ ಅರ್ಧ ರೊಟ್ಟಿಯ ಅಂದಾಜೇ.

ಹಿಂದಿನ ಸಾಲಿನಿಂದ ಒಬ್ಬ ತಾಯಿ ಎದ್ದು ನಿಂತರು. "ಮೇಡಂ, ನಾನು ಓದಿದ್ದು ಏಳನೇ ಕ್ಲಾಸು. ಮಗ ಕಲಿತನೋ, ನಕಲು ಮಾಡಿದನೋ ನನಗೆ ಹೇಗೆ ಗೊತ್ತಾಗಬೇಕು?"

"ಫೋನ್ ಪಕ್ಕಕ್ಕಿಡಿಸಿ, ಅಮ್ಮಾ. ಅರ್ಧಕ್ಕೆ ಕಾಲು ಸೇರಿಸು ಅನ್ನಿ. ರೊಟ್ಟಿ ಮುರಿದು ತೋರಿಸಲಿ. ತಡವರಿಸಿದರೆ ಮಾರನೇ ದಿನ ನಮಗೆ ಹೇಳಿಕಳಿಸಿ, ಆ ಲೆಕ್ಕ ಕ್ಲಾಸಿನಲ್ಲಿ ಮತ್ತೆ ಮಾಡಿಸುತ್ತೇವೆ."