ರಾತ್ರಿ ಜೋಮು ಹಿಡಿಯುವ ಮೂರೂವರೆ ಬೆರಳು

"ಕೈ ಪೂರಾ ಜೋಮು ಹಿಡೀತದ" ಎಂದು ಬಂದವರನ್ನು, "ಕಿರುಬೆರಳೂ ಹಿಡೀತದೇನು?" ಎಂದು ಕೇಳಿ ನೋಡಿ. ಹೆಚ್ಚಿನವರು ತಡವರಿಸುತ್ತಾರೆ. ನಡುರಾತ್ರಿ ನೋವಿನಲ್ಲಿ ಎದ್ದು ಕೂತವರು ಬೆರಳು ಎಣಿಸುತ್ತ ಕೂರುವುದಿಲ್ಲ. ಈ ಸಲ ಎಚ್ಚರವಾದಾಗ ಒಂದೊಂದೇ ಬೆರಳು ಮುಟ್ಟಿ ನೋಡಿ ಬನ್ನಿ ಎಂದು ಹೇಳಿ ಕಳಿಸಿದರೆ, ಅನೇಕರು ಬೇರೆಯದೇ ಉತ್ತರ ತರುತ್ತಾರೆ: ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು, ಉಂಗುರದ ಬೆರಳು ಅರ್ಧಂಬರ್ಧ, ಕಿರುಬೆರಳಿಗೆ ಏನೂ ಆಗಿಲ್ಲ. ಕಾಯಿಲೆ ಎಲ್ಲಿದೆ ಎನ್ನುವುದನ್ನು ಈ ಉತ್ತರವೇ ಅರ್ಧ ಹೇಳಿಬಿಡುತ್ತದೆ. ಅದು ಬೆರಳಿನಲ್ಲಿಲ್ಲ, ಮಣಿಕಟ್ಟಿನಲ್ಲಿದೆ.

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳಿವೆ. ಅವು ಚಪ್ಪಟೆಯಾಗಿ ಜೋಡಿಸಿಕೊಂಡಿಲ್ಲ, ಬೊಗಸೆಯ ಹಾಗೆ ಒಳಬಾಗಿವೆ. ಬೊಗಸೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ, ಅಂದರೆ ಹೆಬ್ಬೆರಳಿನ ಬುಡದಿಂದ ಕಿರುಬೆರಳಿನ ಬುಡದ ಕಡೆಗೆ, ಒಂದು ದಪ್ಪನೆಯ ಅಸ್ಥಿರಜ್ಜು ಅಡ್ಡಲಾಗಿ ಬಿಗಿದುಕೊಂಡಿದೆ. ತಳ ಮೂಳೆ, ಮುಚ್ಚಳ ಈ ಅಸ್ಥಿರಜ್ಜು. ಎರಡರ ನಡುವಿನ ಹಾದಿಯೇ ಕಾರ್ಪಲ್ ಟನಲ್. ತೀರ ಇಕ್ಕಟ್ಟಾದ ಕಡೆ ಅದರ ಅಗಲ ಸುಮಾರು ಎರಡು ಸೆಂಟಿಮೀಟರ್. ಮೂಳೆ ಹಿಗ್ಗುವುದಿಲ್ಲ, ಮುಚ್ಚಳವೂ ಹೆಚ್ಚೇನು ಹಿಗ್ಗುವುದಿಲ್ಲ.

ಇಷ್ಟರೊಳಗೆ ಹತ್ತು ವಸ್ತುಗಳು ಹಾಯಬೇಕು. ಅವುಗಳಲ್ಲಿ ಒಂಬತ್ತು ಸ್ನಾಯುರಜ್ಜುಗಳು. ಬೆರಳನ್ನು ಮಡಚುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವುಗಳ ಎಳೆಗಳು ಮಾತ್ರ ಮಣಿಕಟ್ಟು ದಾಟಿ ಬೆರಳಿಗೆ ಹೋಗುತ್ತವೆ. ನಾಲ್ಕು ಬೆರಳಿಗೆ ಎರಡೆರಡರಂತೆ ಎಂಟು, ಹೆಬ್ಬೆರಳಿಗೆ ಒಂದು. ಸರಾಗವಾಗಿ ಜಾರಲೆಂದು ಈ ರಜ್ಜುಗಳ ಸುತ್ತ ತೆಳುವಾದ ಪೊರೆಯಿದೆ. ಹತ್ತನೆಯದು ಮೀಡಿಯನ್ ನರ. ಗಟ್ಟಿಯಾದ ಒಂಬತ್ತು ರಜ್ಜುಗಳ ನಡುವೆ ಮೆತ್ತನೆಯದು ಇದೊಂದೇ. ಅದೂ ಎಲ್ಲಕ್ಕಿಂತ ಮೇಲೆ, ಮುಚ್ಚಳಕ್ಕೆ ಒತ್ತಿಕೊಂಡೇ ಇದೆ. ಒಳಗೆ ಯಾವುದು ಊದಿದರೂ ಪೆಟ್ಟು ಬೀಳುವುದು ಇದಕ್ಕೆ.

ಇಲ್ಲಿ ಒಳಗೆ ಇಲ್ಲದ್ದನ್ನೂ ಗಮನಿಸಬೇಕು. ಕಿರುಬೆರಳಿಗೂ ಉಂಗುರದ ಬೆರಳಿನ ಆಚೆಯ ಅರ್ಧಕ್ಕೂ ಸ್ಪರ್ಶ ಕೊಡುವ ಅಲ್ನಾರ್ ನರ ಈ ಸುರಂಗದೊಳಗೆ ಹೋಗುವುದೇ ಇಲ್ಲ. ಅದು ಮುಚ್ಚಳದ ಮೇಲೆ, ಪಕ್ಕದ ಬೇರೊಂದು ಹಾದಿಯಲ್ಲಿ ಸಾಗುತ್ತದೆ. ಕಿರುಬೆರಳು ಪಾರಾಗುವುದು ಹಾಗೆ. ಅಂಗೈಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳೂ ಹೊರಗೇ ಇವೆ. ಆದ್ದರಿಂದ "ಕೈಗೆ ರಕ್ತ ಹರೀತಿಲ್ಲ" ಎನ್ನುವ ಮಾತು ತಪ್ಪು. ಜೋಮು ಹಿಡಿದ ಕೈ ಬೆಚ್ಚಗೇ ಇರುತ್ತದೆ, ನಾಡಿಯೂ ಸಿಗುತ್ತದೆ. ರಕ್ತದ ಕೊರತೆ ಇರುವುದು ನಿಜವೇ, ಆದರೆ ಅದು ಆ ನರದ ಮೈಯೊಳಗಿನ ಕೂದಲೆಳೆಯಂಥ ನಾಳಗಳಲ್ಲಿ.

ಇನ್ನೊಂದು ಪಾರಾಗುವ ಜಾಗ ಹೆಬ್ಬೆರಳಿನ ಬುಡದ ಉಬ್ಬಿದ ದಿಬ್ಬದ ಮೇಲಿನ ಚರ್ಮ. ಅದಕ್ಕೆ ಹೋಗುವ ಕವಲೂ ಮೀಡಿಯನ್ ನರದ್ದೇ. ಆದರೆ ಅದು ಮಣಿಕಟ್ಟಿಗೆ ಸುಮಾರು ಐದು ಸೆಂಟಿಮೀಟರ್ ಮೊದಲೇ ಒಡೆದು, ಮುಚ್ಚಳದ ಮೇಲಿನಿಂದ ದಾಟಿಕೊಳ್ಳುತ್ತದೆ. ಹಾಗಾಗಿ ಬೆರಳ ತುದಿ ಮರಗಟ್ಟಿದ್ದರೂ ದಿಬ್ಬದ ಚರ್ಮಕ್ಕೆ ಸ್ಪರ್ಶ ಚೆನ್ನಾಗಿಯೇ ತಿಳಿಯುತ್ತದೆ. ಅಲ್ಲಿಯೂ ಮಂಕಾಗಿದ್ದರೆ ಒತ್ತಡ ಸುರಂಗಕ್ಕಿಂತ ಮೇಲೆಲ್ಲೋ, ಬಹುಶಃ ಕುತ್ತಿಗೆಯಲ್ಲೋ, ಇದೆಯೆಂದು ಅನುಮಾನಿಸಬೇಕು.

ಒಬ್ಬರನ್ನು ಕಣ್ಣ ಮುಂದೆ ಇಟ್ಟುಕೊಳ್ಳೋಣ. ಧಾರವಾಡದ ಕಡೆಯ ಒಂದು ಖಾನಾವಳಿಯಲ್ಲಿ ವರ್ಷಗಟ್ಟಲೆ ಹಿಟ್ಟು ನಾದಿ ಜೋಳದ ರೊಟ್ಟಿ ಬಡಿದ, ನಲವತ್ತಾರರ ಹೆಣ್ಣುಮಗಳು. ಬಲಗೈ. ಈ ಕಾಯಿಲೆಯವರ ಮಾತು ಹೆಚ್ಚುಕಡಿಮೆ ಹೀಗೇ ಇರುತ್ತದೆ: "ಹಗಲೊತ್ತು ಅಷ್ಟ ಏನಿಲ್ರೀ. ರಾತ್ರಿ ಎರಡಕ್ಕ ಎಚ್ಚರ ಆಗ್ತದ, ಕೈ ಜುಮು ಜುಮು ಅಂತದ, ಉರೀತದ. ಎದ್ದು ಝಾಡಿಸಿದ್ರ ಕಡಿಮಿ ಆಗ್ತದ್ರೀ."

ದುಡಿಯುವ ಹಗಲು ಬಿಟ್ಟು ರಾತ್ರಿಯೇ ಏಕೆ? ಆರೋಗ್ಯವಂತರ ಸುರಂಗದೊಳಗಿನ ಒತ್ತಡ, ಮಣಿಕಟ್ಟು ನೇರವಿದ್ದಾಗ, ಪಾದರಸದ ಲೆಕ್ಕದಲ್ಲಿ 10 ಮಿಲಿಮೀಟರಿಗಿಂತ ಕಡಿಮೆ. ಅದು 20ರಿಂದ 30ಕ್ಕೆ ಏರಿದರೆ ಸಾಕು, ನರದೊಳಗಿನ ಸಣ್ಣ ನಾಳಗಳಿಂದ ರಕ್ತ ಹೊರಗೆ ಹರಿಯುವುದು ನಿಧಾನವಾಗುತ್ತದೆ. ಹೊರಹೋಗದ ರಕ್ತದಿಂದ ನೀರು ಜಿನುಗಿ ನರ ಊದುತ್ತದೆ, ಊದಿದ ನರಕ್ಕೆ ಜಾಗ ಇನ್ನೂ ಸಾಲದಾಗುತ್ತದೆ. ಈ ಕಾಯಿಲೆಯವರಲ್ಲಿ ಕೈ ನೇರವಿದ್ದಾಗಲೇ ಒತ್ತಡ 30ರ ಆಸುಪಾಸಿನಲ್ಲಿರುತ್ತದೆ, ಮಣಿಕಟ್ಟು ಪೂರ್ತಿ ಬಾಗಿದಾಗ 90 ದಾಟಬಹುದು. ನಿದ್ದೆಯಲ್ಲಿ ನಾವು ಮಣಿಕಟ್ಟನ್ನು ಒಳಕ್ಕೆ ಮಡಚಿ ಕೆನ್ನೆಯ ಕೆಳಗೋ ಎದೆಗವಚಿಯೋ ಇಟ್ಟುಕೊಳ್ಳುತ್ತೇವೆ, ಗಂಟೆಗಟ್ಟಲೆ ಬದಲಿಸುವುದಿಲ್ಲ. ಮಲಗಿದಾಗ ಕಾಲಿನಲ್ಲಿ ಇಳಿದಿದ್ದ ನೀರಿನಂಶ ಮೈಯಲ್ಲೆಲ್ಲ ಹಂಚಿಹೋಗಿ ಕೈಗೂ ಬರುತ್ತದೆ. ಬೆರಳು ಆಡದಿರುವುದರಿಂದ ಆ ನೀರನ್ನು ಹಿಂದಕ್ಕೆ ತಳ್ಳುವವರೂ ಇಲ್ಲ.

ರಕ್ತ ಸಾಲದ ನರ ಸುಮ್ಮನಿರುವುದಿಲ್ಲ. ಅದರ ಎಳೆಗಳು ತಮ್ಮಷ್ಟಕ್ಕೇ ಸಂಕೇತ ಹೊಮ್ಮಿಸತೊಡಗುತ್ತವೆ. ಈ ಸಂಕೇತ ಮಣಿಕಟ್ಟಿನಲ್ಲಿ ಹುಟ್ಟಿದ್ದೆಂದು ಮಿದುಳಿಗೆ ತಿಳಿಯುವ ದಾರಿಯಿಲ್ಲ. ಆ ಎಳೆ ಯಾವ ಬೆರಳಿನಿಂದ ಬಂದದ್ದೋ ಅಲ್ಲಿಯೇ ಸೂಜಿ ಚುಚ್ಚಿದಂತೆ, ಇರುವೆ ಹರಿದಂತೆ ಅನಿಸುತ್ತದೆ. ಕೈ ಝಾಡಿಸಿದಾಗ ಮಣಿಕಟ್ಟು ನೇರವಾಗುತ್ತದೆ, ರಜ್ಜುಗಳು ಆಡುತ್ತವೆ, ಒತ್ತಡ ಇಳಿದು ರಕ್ತ ಹರಿಯುತ್ತದೆ. ನೆಮ್ಮದಿ ಕೆಲವೇ ನಿಮಿಷದಲ್ಲಿ ಬರುವುದು ಅದಕ್ಕೇ. ನಡುರಾತ್ರಿ ಕೈ ಝಾಡಿಸುವುದು ಈ ಕಾಯಿಲೆಯ ಒಳ್ಳೆಯ ಗುರುತೇ ಆಗಿದೆ. ಹಗಲಲ್ಲೂ ಮಣಿಕಟ್ಟು ಒಂದೇ ಭಂಗಿಯಲ್ಲಿ ನಿಂತರೆ ಇದೇ ಕಥೆ: ಫೋನ್ ಹಿಡಿದಾಗ, ಸ್ಕೂಟರಿನ ಹ್ಯಾಂಡಲ್ ಹಿಡಿದಾಗ.

ಇಷ್ಟು ಹಂತದಲ್ಲಿ ನರಕ್ಕೆ ಶಾಶ್ವತ ಪೆಟ್ಟು ಬಿದ್ದಿಲ್ಲ. ತಿಂಗಳುಗಟ್ಟಲೆ ಹೀಗೇ ನಡೆದರೆ ನರದ ಎಳೆಗಳ ಮೇಲಿನ ಮಯಲಿನ್ ಹೊದಿಕೆ ಸವೆಯುತ್ತದೆ. ಹೊದಿಕೆ ಹೋದ ಕಡೆ ಸಂಕೇತದ ಓಟ ನಿಧಾನವಾಗುತ್ತದೆ. ಇದನ್ನು ಅಳೆಯಬಹುದು, ಅದಕ್ಕೆ ಉಂಗುರದ ಬೆರಳೇ ಚೆಂದದ ಅಳತೆಗೋಲು. ಒಂದೇ ಬೆರಳಿಗೆ ಎರಡು ನರ. ಬೆರಳಿನಲ್ಲಿ ಹುಟ್ಟಿಸಿದ ಸಂಕೇತ ಒಂದೇ ದೂರವನ್ನು ಎರಡು ನರಗಳ ಮೂಲಕ ಓಡಲು ಎಷ್ಟು ಹೊತ್ತು ಬೇಕೆಂದು ನೋಡುತ್ತಾರೆ. ನಮ್ಮ ಹೆಣ್ಣುಮಗಳಲ್ಲಿ ಅಲ್ನಾರ್ ನರಕ್ಕೆ 2.9 ಮಿಲಿಸೆಕೆಂಡ್, ಮೀಡಿಯನ್ ನರಕ್ಕೆ 3.8 ಎನ್ನಿ. ವ್ಯತ್ಯಾಸ 0.9. ಸಾಮಾನ್ಯವಾಗಿ 0.5 ದಾಟಿದರೇ ಅಸಹಜ. ಮುಂಗೈಯಲ್ಲಿ ಅದೇ ನರದ ವೇಗ ಸರಿಯಾಗಿದ್ದರೆ ತಡೆ ಇರುವುದು ಮಣಿಕಟ್ಟಿನಲ್ಲೇ ಎಂದು ಖಚಿತವಾಗುತ್ತದೆ. ಯಂತ್ರವಿಲ್ಲದೆಯೂ ಒಂದು ಪರೀಕ್ಷೆ ಇದೆ: ಎರಡೂ ಅಂಗೈಗಳ ಹಿಂಭಾಗ ತಾಗುವಂತೆ ಮಣಿಕಟ್ಟು ಮಡಚಿ ಒಂದು ನಿಮಿಷ ಹಿಡಿಯುವುದು. ಆ ಮೂರೂವರೆ ಬೆರಳುಗಳಲ್ಲಿ ಜೋಮು ಬಂದರೆ ಅನುಮಾನ ಬಲವಾಗುತ್ತದೆ. ಬಾರದಿದ್ದರೆ ಕಾಯಿಲೆಯೇ ಇಲ್ಲವೆಂದು ತಿಳಿಯಬಾರದು.

ಕೊನೆಗೆ ಸಾಯುವುದು ಎಳೆಗಳೇ. ಆಗ ಜೋಮು ಬಂದು ಹೋಗುವುದಿಲ್ಲ, ಕೂತುಬಿಡುತ್ತದೆ. ಕುಪ್ಪಸದ ಹುಕ್ಕು ಹಾಕಲು ಕಣ್ಣು ಬೇಕಾಗುತ್ತದೆ. ಲೋಟ ಕೈಜಾರುತ್ತದೆ. ಹಾಗೆಂದು ಮುಷ್ಟಿಯ ಬಲ ಅಷ್ಟಾಗಿ ಹೋಗುವುದಿಲ್ಲ. ಮುಷ್ಟಿ ಕಟ್ಟುವ ಸ್ನಾಯುಗಳು ಮುಂಗೈಯಲ್ಲಿದ್ದು, ಅವಕ್ಕೆ ನರದ ಕವಲು ಸುರಂಗಕ್ಕೆ ಮೊದಲೇ ಸಿಕ್ಕಿರುತ್ತದೆ. ಸೊರಗುವುದು ಸುರಂಗ ದಾಟಿದ ಮೇಲೆ ಕವಲು ಪಡೆಯುವ ಹೆಬ್ಬೆರಳಿನ ದಿಬ್ಬದ ಸ್ನಾಯುಗಳು, ಹೆಬ್ಬೆರಳನ್ನು ಮೇಲೆತ್ತಿ ಉಳಿದ ಬೆರಳುಗಳ ಎದುರಿಗೆ ತರುವಂಥವು. ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟು, ಹೆಬ್ಬೆರಳನ್ನು ನೇರವಾಗಿ ಸೂರಿನ ಕಡೆ ಎತ್ತಿ. ಇನ್ನೊಬ್ಬರು ಅದನ್ನು ಕೆಳಗೆ ಒತ್ತಲಿ. ಎರಡು ಕೈಗಳಲ್ಲಿ ಬಲ ಬೇರೆಬೇರೆಯಾದರೆ, ಒಂದು ಕೈಯ ದಿಬ್ಬ ತಗ್ಗಾಗಿ ಕಂಡರೆ, ತಡ ಮಾಡಬಾರದು.

ಈ ತಗ್ಗಾದ ದಿಬ್ಬವೇ ಮೊದಲು ಗುಟ್ಟು ಬಿಟ್ಟದ್ದು. 1913ರಲ್ಲಿ ಫ್ರಾನ್ಸಿನ ಪಿಯೆರ್ ಮಾರಿ ಮತ್ತು ಶಾರ್ಲ್ ಫುವಾ ಎರಡೂ ಕೈಯ ದಿಬ್ಬ ಸೊರಗಿದ್ದ ವೃದ್ಧರೊಬ್ಬರ ಶವಪರೀಕ್ಷೆಯಲ್ಲಿ, ಅಸ್ಥಿರಜ್ಜುವಿಗೆ ತುಸು ಮೇಲೆ ಮೀಡಿಯನ್ ನರ ಗಂಟಿನಂತೆ ದಪ್ಪಗಾಗಿದ್ದನ್ನೂ ಅದರಡಿಯಲ್ಲಿ ಸಣ್ಣದಾಗಿದ್ದನ್ನೂ ಕಂಡರು. ಮೊದಲೇ ತಿಳಿದಿದ್ದರೆ ಆ ಅಸ್ಥಿರಜ್ಜುವನ್ನು ಕತ್ತರಿಸಿ ತಡೆಯಬಹುದಿತ್ತೆಂದೂ ಬರೆದರು. ಯಾರೂ ಕಿವಿಗೊಡಲಿಲ್ಲ. ಮುಂದೆ ದಶಕಗಳ ಕಾಲ ವೈದ್ಯರು ಕುತ್ತಿಗೆಯ ಬುಡದ ಪಕ್ಕೆಲುಬನ್ನು ದೂರಿದರು, ಕೆಲವರಿಗೆ ಅದನ್ನು ತೆಗೆದೂ ಹಾಕಿದರು.

ರೊಟ್ಟಿಯೇ ಕಾರಣವೇ? ಮಣಿಕಟ್ಟು ಬಾಗಿಸಿ, ಬಲ ಹಾಕಿ, ಮತ್ತೆ ಮತ್ತೆ ಮಾಡುವ ಕೆಲಸ ಅಪಾಯ ಹೆಚ್ಚಿಸುತ್ತದೆ, ಕೈ ನಡುಗಿಸುವ ಯಂತ್ರಗಳೂ ಹಾಗೆಯೇ. ಕೀಲಿಮಣೆಯ ಮೇಲಿನ ಆರೋಪಕ್ಕೆ ಮಾತ್ರ ಅಷ್ಟು ಗಟ್ಟಿ ಪುರಾವೆಯಿಲ್ಲ. ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಕೀಲುವಾತ, ಬೊಜ್ಜು ಸುರಂಗವನ್ನು ಇಕ್ಕಟ್ಟು ಮಾಡುತ್ತವೆ. ಬಸುರಿನ ಕೊನೆಯ ತಿಂಗಳುಗಳಲ್ಲಿ ಬಂದದ್ದು ಹೆರಿಗೆಯ ನಂತರ ಬಹುಮಟ್ಟಿಗೆ ತಾನೇ ಹೋಗುತ್ತದೆ.

ಔಷಧಿ ಅಂಗಡಿಯಲ್ಲಿ ಸಿಗುವ "ನರದ ಗುಳಿಗೆ"ಯ ಬಗ್ಗೆ ನನಗೆ ನಂಬಿಕೆಯಿಲ್ಲ. ಇಕ್ಕಟ್ಟಾದ ಜಾಗವನ್ನು ವಿಟಮಿನ್ ಅಗಲ ಮಾಡುವುದಿಲ್ಲ. ನೋವಿನ ಮಾತ್ರೆಯ ಕೆಲಸವೂ ಅಷ್ಟಕ್ಕಷ್ಟೇ, ಏಕೆಂದರೆ ರಜ್ಜುಗಳ ಸುತ್ತಲಿನ ಪೊರೆಯಲ್ಲಿ ಹೆಚ್ಚಾಗಿ ಕಾಣುವುದು ಉರಿಯೂತವಲ್ಲ, ಊತ ಮತ್ತು ಗಡಸುತನ. ಮೊದಲ ಮದ್ದು ರಾತ್ರಿ ಮಣಿಕಟ್ಟನ್ನು ನೇರ ಹಿಡಿಯುವ ಪಟ್ಟಿ. ಅಂಗಡಿಯ ಎಷ್ಟೋ ಪಟ್ಟಿಗಳು ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಿಡುತ್ತವೆ, ಅದರಿಂದಲೂ ಒತ್ತಡ ಏರುತ್ತದೆ. ಒಳಗಿನ ಲೋಹದ ಪಟ್ಟಿಯನ್ನು ತೆಗೆದು ನೇರ ಮಾಡಿ ಹಾಕಿಕೊಳ್ಳಬೇಕು. ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ, ತಿಂಗಳು ನೆಮ್ಮದಿ ಕೊಡುತ್ತದೆ.

ಇದ್ಯಾವುದೂ ಸಾಲದಿದ್ದರೆ ಮುಚ್ಚಳವನ್ನೇ ಕತ್ತರಿಸುವುದು. ಕೈಗೆ ಮಾತ್ರ ಮರವಳಿಕೆ ಕೊಟ್ಟು ಮಾಡುವ ಸಣ್ಣ ಶಸ್ತ್ರಚಿಕಿತ್ಸೆ ಅದು. ದಿಬ್ಬಕ್ಕೆ ಹೋಗುವ ಕವಲುಗಳು ಕತ್ತರಿಗೆ ಸಿಗದಿರಲೆಂದು ಗಾಯವನ್ನು ಉಂಗುರದ ಬೆರಳಿನ ನೇರಕ್ಕೆ ಮಾಡುತ್ತಾರೆ. ಹಿಡಿತದ ಬಲ ಮರಳಲು ಕೆಲವು ತಿಂಗಳು ಬೇಕು, ಅಷ್ಟು ದಿನ ಅಂಗೈಯ ಬುಡ ನೋಯುತ್ತದೆ. ರಾತ್ರಿಯ ಜೋಮು ಮಾತ್ರ ಅನೇಕರಲ್ಲಿ ಕೆಲವೇ ದಿನಗಳಲ್ಲಿ ಹೋಗುತ್ತದೆ. ಜೋಮು ಇನ್ನೂ ಬಂದು ಹೋಗುತ್ತಿರುವಾಗಲೇ ವೈದ್ಯರಿಗೆ ತೋರಿಸಿ. ದಿಬ್ಬ ತಗ್ಗಾದ ಮೇಲೆ ಮಾಡಿಸಿದ ಶಸ್ತ್ರಚಿಕಿತ್ಸೆ ನಿದ್ದೆಯನ್ನು ಮರಳಿಸಬಹುದು, ಸೊರಗಿದ ಸ್ನಾಯುವನ್ನು ಮರಳಿಸುತ್ತದೆಂಬ ಖಾತರಿಯಿಲ್ಲ.